ಮೊದಲ ಪರದೆಯಲ್ಲಿ 5,200, ಕೊನೆಗೆ ಎಷ್ಟು? ವಿಮಾನಯಾನ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ,
ನವದೆಹಲಿ

ವಿಷಯ: ಅಗ್ಗದ ವಿಮಾನ ಟಿಕೆಟ್‌ನ ನಿಜವಾದ ಒಟ್ಟು ಬೆಲೆಯನ್ನು ಮೊದಲೇ ತೋರಿಸುವ ಬಗ್ಗೆ

ಮಾನ್ಯರೇ,

ಕಳೆದ ಚಳಿಗಾಲದಲ್ಲಿ ದೆಹಲಿಯಲ್ಲಿ ನನ್ನ ಅಕ್ಕನ ಮಗನ ಮದುವೆ ಇತ್ತು. ಬೆಂಗಳೂರಿನಿಂದ ನಾಲ್ಕು ಜನ ಹೊರಟೆವು: ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, ಎಪ್ಪತ್ನಾಲ್ಕು ದಾಟಿದ ಅಮ್ಮ. ಹೋಗಿ ಬರುವುದಕ್ಕೆ ಒಟ್ಟು ಎಂಟು ಟಿಕೆಟ್. ನಾನು ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ರಸೀದಿ ಎಸೆಯುವ ಅಭ್ಯಾಸ ಇಲ್ಲ. ಆ ಪ್ರಯಾಣದ ಒಂದೊಂದು ರಸೀದಿಯನ್ನೂ ಮುಂದೆ ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಬೇಕಂತಲೇ ಬರೆದಿಲ್ಲ. ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ, ಬೆಲೆ ತೋರಿಸುವ ಪದ್ಧತಿಯ ಮೇಲೆ.

ಟಿಕೆಟ್ ಹುಡುಕಿದಾಗ ಪಟ್ಟಿಯ ತುದಿಯಲ್ಲಿ ಇದ್ದದ್ದು ಒಂದು ಅಗ್ಗದ ಕಂಪನಿ. ತಲೆಗೆ, ಒಂದು ದಾರಿಗೆ 5,200 ರೂಪಾಯಿ. ಅದರ ಕೆಳಗೆ ನಾಲ್ಕನೆಯದಾಗಿ ಇನ್ನೊಂದು ಕಂಪನಿ, 6,050 ರೂಪಾಯಿ. ಎಂಟು ಟಿಕೆಟ್‌ಗೆ ಲೆಕ್ಕ ಹಾಕಿದರೆ ಮೊದಲನೆಯದು 41,600, ಎರಡನೆಯದು 48,400. ವ್ಯತ್ಯಾಸ 6,800 ರೂಪಾಯಿ. ಮದುವೆ ಮನೆಗೆ ಹೋಗುವವರಿಗೆ ಅದು ಒಂದು ಒಳ್ಳೆಯ ಸೀರೆಯ ದುಡ್ಡು. ಯೋಚನೆ ಮಾಡದೆ ಮೊದಲನೆಯದನ್ನೇ ಒತ್ತಿದೆ.

ಒತ್ತಿದ ಮೇಲೆ ಗೊತ್ತಾಯಿತು, 5,200 ಅನ್ನುವುದು ಬರೀ ಕೈಚೀಲದ ದರ. ಕ್ಯಾಬಿನ್‌ನಲ್ಲಿ ಇಡುವ 7 ಕೆಜಿಯ ಒಂದು ಬ್ಯಾಗ್ ಬಿಟ್ಟರೆ ಬೇರೇನೂ ಇಲ್ಲ. ನಮ್ಮ ದೇಶದೊಳಗಿನ ವಿಮಾನದಲ್ಲಿ 15 ಕೆಜಿ ಚೆಕ್-ಇನ್ ಲಗೇಜ್ ಟಿಕೆಟ್ ಜೊತೆಗೇ ಬರುತ್ತದೆ ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಲಗೇಜ್ ಇಲ್ಲದ ದರ ಮಾರಲು ತಾವೇ 2021ರ ಫೆಬ್ರವರಿಯಲ್ಲಿ ಅನುಮತಿ ಕೊಟ್ಟಿದ್ದೀರಿ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ 15 ಕೆಜಿ ಇರುವ ಟಿಕೆಟ್ಟೂ 15 ಕೆಜಿ ಇಲ್ಲದ ಟಿಕೆಟ್ಟೂ ಒಂದೇ ಪಟ್ಟಿಯಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ, ಒಂದರ ಕೆಳಗೆ ಒಂದು ನಿಂತಿದ್ದವು. ಸಿಪ್ಪೆ ಇರುವ ತೆಂಗಿನಕಾಯಿಯನ್ನೂ ಸುಲಿದ ತೆಂಗಿನಕಾಯಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಯಾವುದು ಅಗ್ಗ ಅಂತ ಕೇಳಿದ ಹಾಗಾಯಿತು.

ನಾಲ್ಕು ಜನಕ್ಕೆ ನಾಲ್ಕು ಬ್ಯಾಗ್ ಬೇಡ, ಎರಡು ಸಾಕು ಅಂತ ತೀರ್ಮಾನಿಸಿದೆವು. 15 ಕೆಜಿಗೆ ಒಂದು ದಾರಿಗೆ 1,200 ರೂಪಾಯಿ. ಎರಡು ಬ್ಯಾಗ್, ಎರಡು ದಾರಿ, 4,800. ಮುಂದಿನ ಪರದೆ ಸೀಟಿನದ್ದು. ಅಮ್ಮನಿಗೆ ಮಂಡಿನೋವು. ಟಾಯ್ಲೆಟ್‌ಗೆ ಹತ್ತಿರ, ಓಡಾಡುವ ದಾರಿಯ ಪಕ್ಕದ ಸೀಟು ಬೇಕು. ಅದಕ್ಕೆ 600ರ ಹಾಗೆ ಎರಡು ಸಲ. ಉಳಿದ ಮೂವರಿಗೆ ತಲಾ 250ರ ಹಾಗೆ ಆರು ಸಲ. ಒಟ್ಟು 2,700. ಹೋಗುವಾಗ ವಿಮಾನ ರಾತ್ರಿ ಊಟದ ಹೊತ್ತಿಗೆ ಇತ್ತು, ಊಟಕ್ಕೆ 400ರ ಹಾಗೆ 1,600. ಕೊನೆಯ ಪರದೆಯಲ್ಲಿ ಹಣ ಕಟ್ಟಲು ಹೋದರೆ ಕನ್ವೀನಿಯನ್ಸ್ ಫೀ ಅಂತ 2,800 ರೂಪಾಯಿ ಮೇಲೆ ಬಿತ್ತು.

ಈ ಕನ್ವೀನಿಯನ್ಸ್ ಫೀ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 350 ರೂಪಾಯಿ ಅಂತ ನೋಡಿದರೆ ಸಣ್ಣದು. ಆದರೆ ಅದು ತಲೆಗೆ ಒಂದು, ದಾರಿಗೆ ಒಂದು. ನಾನು ಒಂದೇ ಸಲ, ಒಂದೇ ಬಟನ್ ಒತ್ತಿ, ಒಂದೇ ಮೊತ್ತ ಕಟ್ಟಿದೆ. ಫೀ ಮಾತ್ರ ಎಂಟು ಸಲ. ಅದೂ ಕಟ್ಟಿದ್ದು ಯುಪಿಐನಲ್ಲಿ. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರು ಬ್ಯಾಂಕಿಗೆ ಎಂಡಿಆರ್ ಅನ್ನುವ ಪಾವತಿ ಶುಲ್ಕ ಕೊಡಬೇಕಾಗಿಲ್ಲ. ನಮ್ಮ ಬೀದಿಯ ಎಳನೀರಿನವನು 50 ರೂಪಾಯಿಯನ್ನು ಯುಪಿಐನಲ್ಲಿ ತೆಗೆದುಕೊಂಡು ಸುಮ್ನೆ ಇರುತ್ತಾನೆ. ಹಾಗಿದ್ದರೆ ಇಲ್ಲಿ ಯಾರ ಅನುಕೂಲಕ್ಕೆ ಯಾರು ದುಡ್ಡು ಕೊಟ್ಟದ್ದು? ನ್ಯಾಯವಾಗಿ ಹೇಳಬೇಕೆಂದರೆ, ಎರಡನೇ ಕಂಪನಿಯೂ ಇದೇ ಫೀ ಹಾಕುತ್ತಿತ್ತು. ನಾನು ಆಮೇಲೆ ಹೋಗಿ ನೋಡಿದೆ. ಹಾಗಾಗಿ ಹೋಲಿಕೆಯಲ್ಲಿ ಇದರಿಂದ ವ್ಯತ್ಯಾಸ ಬರಲಿಲ್ಲ. ಆದರೆ ಪಟ್ಟಿಯಲ್ಲಿದ್ದ ಎರಡೂ ಬೆಲೆ ನಿಜವಲ್ಲ ಅಂತ ಇದರಿಂದಲೇ ಗೊತ್ತಾಯಿತು. ಆ ಬೆಲೆಗೆ ಆ ಪುಟದಲ್ಲಿ ಯಾರೂ ಟಿಕೆಟ್ ಕೊಳ್ಳಲು ಸಾಧ್ಯವೇ ಇಲ್ಲ.

ವಾಪಸ್ ಬರುವ ದಿನದ ಕಥೆ ಬೇರೆ. ಅಕ್ಕ ಬರಿಗೈಯಲ್ಲಿ ಕಳಿಸುತ್ತಾಳೆಯೇ? ಒಂದು ರಜಾಯಿ, ಎರಡು ಡಬ್ಬ ಸಿಹಿತಿಂಡಿ, ಅಮ್ಮನಿಗೆ ಶಾಲು, ಮಗಳಿಗೆ ಬೂಟು. ಕೌಂಟರ್‌ನಲ್ಲಿ ಎರಡು ಬ್ಯಾಗ್ ಸೇರಿ 37 ಕೆಜಿ ತೂಗಿದವು. ನಮಗಿದ್ದದ್ದು 30. ಸಾಲಿನಿಂದ ಹೊರಗೆ ಬಂದು ನೆಲದ ಮೇಲೆ ಬ್ಯಾಗ್ ಬಿಚ್ಚಿದೆವು. ನನ್ನ ಮೈಮೇಲೆ ಎರಡು ಸ್ವೆಟರ್, ಅದರ ಮೇಲೆ ಮದುವೆಯ ಕೋಟು. ಅಮ್ಮನಿಗೆ ಮೂರು ಶಾಲು. ಮಗಳಿಗೆ ಇದು ಒಳ್ಳೆ ಆಟವಾಯಿತು. ಪಕ್ಕದಲ್ಲಿ ಇನ್ನೂ ಎರಡು ಸಂಸಾರ ಇದೇ ಕೆಲಸ ಮಾಡುತ್ತಿದ್ದವು, ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. 3 ಕೆಜಿ ಮೈಮೇಲೆ ಏರಿತು, 4 ಕೆಜಿ ಉಳಿಯಿತು. ಕೆಜಿಗೆ 600ರ ಹಾಗೆ 2,400 ರೂಪಾಯಿ. ಆ ರಜಾಯಿ ಸುಮಾರು 2 ಕೆಜಿ. ಅಕ್ಕ ಅದನ್ನು ಕೊಂಡದ್ದು 1,100 ರೂಪಾಯಿಗೆ, ನಾನು ಅದನ್ನು ಹೊತ್ತು ತಂದದ್ದು 1,200 ರೂಪಾಯಿಗೆ.

ಕೌಂಟರ್‌ನಲ್ಲಿದ್ದ ಹುಡುಗಿ ಒಳ್ಳೆಯವಳು. "ಸರ್, ನಿನ್ನೆ ರಾತ್ರಿ ಆ್ಯಪ್‌ನಲ್ಲೇ 5 ಕೆಜಿ ತಗೊಂಡಿದ್ರೆ 1,900 ಆಗ್ತಿತ್ತು" ಅಂದಳು. ಕನ್ನಡದವಳೇ. 5 ಕೆಜಿಗೆ 1,900, 4 ಕೆಜಿಗೆ 2,400! ಮೊದಲೇ ಕೊಂಡರೆ ಕಡಿಮೆ, ಕೌಂಟರ್‌ಗೆ ಬಂದರೆ ಜಾಸ್ತಿ ಅನ್ನುವುದರ ಹಿಂದಿನ ಕಾರಣ ನನಗೆ ಅರ್ಥವಾಗುತ್ತದೆ. ವಿಮಾನಕ್ಕೆ ಎಷ್ಟು ಭಾರ ಬರುತ್ತದೆ ಅಂತ ಮೊದಲೇ ಗೊತ್ತಾದರೆ ಅವರಿಗೆ ಅನುಕೂಲ. ನನ್ನ ಪ್ರಶ್ನೆ ಒಂದೇ. ಈ 600 ಅನ್ನುವ ಅಂಕಿ ನನ್ನ ಟಿಕೆಟ್‌ನಲ್ಲಿ ಎಲ್ಲಿತ್ತು?

ತಮ್ಮ 2021ರ ಆ ಸುತ್ತೋಲೆಯಲ್ಲೇ ಇದಕ್ಕೊಂದು ಷರತ್ತು ಇದೆ. ಲಗೇಜ್ ಇಲ್ಲದ ದರದಲ್ಲಿ ಟಿಕೆಟ್ ಕೊಂಡವರು ಬ್ಯಾಗ್ ಹಿಡಿದುಕೊಂಡು ಕೌಂಟರ್‌ಗೆ ಬಂದರೆ ಎಷ್ಟು ಕಟ್ಟಬೇಕು ಅನ್ನುವುದನ್ನು ಬುಕಿಂಗ್ ಮಾಡುವಾಗಲೇ ಎದ್ದು ಕಾಣುವಂತೆ ತೋರಿಸಬೇಕು, ಟಿಕೆಟ್ ಮೇಲೂ ಮುದ್ರಿಸಬೇಕು, ಆ ಮೊತ್ತ ನ್ಯಾಯವಾಗಿರಬೇಕು ಎಂದು. ನನ್ನ ಟಿಕೆಟ್ ಮೂರು ಪುಟ. ಮೂರನೇ ಪುಟದ ಕೆಳಗೆ, ಅಮ್ಮನ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ, "ಹೆಚ್ಚುವರಿ ಲಗೇಜಿಗೆ ನಿಯಮದಂತೆ ಶುಲ್ಕ" ಅನ್ನುವ ಅರ್ಥದ ಒಂದು ಇಂಗ್ಲಿಷ್ ಸಾಲು ಇತ್ತು. ರೂಪಾಯಿಯ ಅಂಕಿ ಇರಲಿಲ್ಲ. ನಮ್ಮ ಕೆಎಸ್ಆರ್‌ಟಿಸಿ ಬಸ್ಸಿನಲ್ಲೂ ಹೆಚ್ಚು ಮೂಟೆ ತಂದರೆ ಲಗೇಜ್ ಟಿಕೆಟ್ ಹರಿಯುತ್ತಾರೆ. ಆದರೆ ಕಂಡಕ್ಟರ್ ಮೊದಲು ಎಷ್ಟಾಗುತ್ತದೆ ಅಂತ ಹೇಳುತ್ತಾನೆ. ಬೇಡ ಅನ್ನಿಸಿದರೆ ಇಳಿದು ಮುಂದಿನ ಬಸ್ ನೋಡಬಹುದು. ಭದ್ರತಾ ತಪಾಸಣೆಗೆ ಒಂದು ಗಂಟೆ ಉಳಿದಿರುವಾಗ ವಿಮಾನದವರ ಜೊತೆ ಆ ಮಾತು ನಡೆಯುವುದಿಲ್ಲ, ಅಲ್ವಾ?

ಈಗ ಮನೆಗೆ ಬಂದ ಮೇಲೆ ಹಾಕಿದ ಲೆಕ್ಕ. ಅಗ್ಗದ ಕಂಪನಿಗೆ ಟಿಕೆಟ್ 41,600, ಬ್ಯಾಗ್ 4,800, ಸೀಟು 2,700, ಊಟ 1,600, ಕನ್ವೀನಿಯನ್ಸ್ ಫೀ 2,800, ಕೊನೆಗೆ ತೂಕದ 2,400. ಒಟ್ಟು 55,900 ರೂಪಾಯಿ. ಎರಡನೇ ಕಂಪನಿಯ 6,050 ರೂಪಾಯಿಯ ದರದಲ್ಲಿ ತಲಾ 20 ಕೆಜಿ ಲಗೇಜ್, ಊಟ, ಸಾಮಾನ್ಯ ಸೀಟು ಎಲ್ಲವೂ ಸೇರಿತ್ತು. ಅದಕ್ಕೆ ಕನ್ವೀನಿಯನ್ಸ್ ಫೀ ಸೇರಿಸಿದರೆ 51,200. ಅಂದರೆ 6,800 ಉಳಿಸಲು ಹೋದವನು 4,700 ಜಾಸ್ತಿ ಕೊಟ್ಟು ಬಂದೆ. ತೂಕ ನೋಡಿಕೊಳ್ಳದೆ ಹೋದದ್ದು ನನ್ನದೇ ತಪ್ಪು ಅಂತ ಆ 2,400 ಬಿಟ್ಟುಬಿಡೋಣ. ಆಗಲೂ 2,300 ಜಾಸ್ತಿ.

ಹಾಗಂತ ಅಗ್ಗದ ಕಂಪನಿಗಳೆಲ್ಲ ಮೋಸ ಅಂತ ನಾನು ಬರೆದರೆ ಅದೂ ಸುಳ್ಳಾಗುತ್ತದೆ. ಮೊನ್ನೆ ಜುಲೈನಲ್ಲಿ ಆಫೀಸ್ ಕೆಲಸಕ್ಕೆ ಒಬ್ಬನೇ ದೆಹಲಿಗೆ ಹೋಗಿ ಮರುದಿನ ಬಂದೆ. ಬೆನ್ನಿಗೊಂದು ಚೀಲ, ಅದರಲ್ಲಿ ಒಂದು ಜೊತೆ ಬಟ್ಟೆ, ಮನೆಯ ಚಪಾತಿ ಪಲ್ಯ. ಅದೇ ಅಗ್ಗದ ಕಂಪನಿ. ಸೀಟು ಬೇಡ, ಊಟ ಬೇಡ, ಬ್ಯಾಗ್ ಬೇಡ. ಕುಡಿಯುವ ನೀರು ಹೇಗೂ ಪುಕ್ಕಟೆ. ಊಟ ತಿಂಡಿಗೆ ದುಡ್ಡು ಕೇಳಬಹುದು, ನೀರಿಗೆ ಕೇಳಬಾರದು ಅಂತ ನಿಮ್ಮ ನಿಯಮವೇ ಇದೆ. ಆ ಸಲ ನಿಜಕ್ಕೂ 1,800 ರೂಪಾಯಿ ಉಳಿಯಿತು. ಬ್ಯಾಗ್ ತರದವನು ಬ್ಯಾಗ್ ತರುವವನ ಖರ್ಚನ್ನು ಯಾಕೆ ಹೊರಬೇಕು? ಈ ಪದ್ಧತಿ ವಿದ್ಯಾರ್ಥಿಗಳಿಗೆ, ಸೇಲ್ಸ್ ಕೆಲಸದವರಿಗೆ ಒಳ್ಳೆಯದೇ. ಹಾಗಾಗಿ ಬಿಡಿ ಬಿಡಿಯಾಗಿ ಮಾರುವುದನ್ನು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ನನಗೆ ಯಾವುದು ಅಗ್ಗ ಅಂತ ಲೆಕ್ಕ ಹಾಕಲು ನನಗೇ ಎರಡು ಪ್ರಯಾಣ, ಒಂದು ಭಾನುವಾರ ಬೇಕಾಯಿತು. ಲೆಕ್ಕ ಬರೆಯುವುದೇ ಕಸುಬಾದ ನನಗೇ ಹೀಗೆ.

ಸೀಟಿನ ವಿಷಯದಲ್ಲಿ ಇನ್ನೊಂದು ಮಾತಿದೆ, ಇದು ನನಗೆ ಬೇಸರ ತರಿಸಿದ್ದು. ಮಗಳು ಒಬ್ಬಳೇ ಯಾರದೋ ಪಕ್ಕ ಕೂರಬೇಕಾದೀತು ಅನ್ನುವ ಹೆದರಿಕೆಗೆ ನಾವು ಸೀಟಿನ ದುಡ್ಡು ಕೊಟ್ಟೆವು. "ರೀ, 250 ತಾನೆ, ಕೊಟ್ಟುಬಿಡಿ" ಅಂದಳು ನನ್ನ ಹೆಂಡತಿ. ಆಮೇಲೆ ತಿಳಿಯಿತು. 2024ರ ಏಪ್ರಿಲ್‌ನಲ್ಲಿ ತಾವೇ ಆದೇಶ ಕೊಟ್ಟಿದ್ದೀರಿ: 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ ತಾಯಿಯಲ್ಲಿ ಒಬ್ಬರ ಜೊತೆಗಾದರೂ ಸೀಟು ಕೊಡಬೇಕು, ಅದನ್ನು ದಾಖಲೆಯಲ್ಲೂ ಇಡಬೇಕು ಎಂದು. ಎಷ್ಟು ಒಳ್ಳೆಯ ಆದೇಶ. ಆದರೆ ಸೀಟು ಆರಿಸುವ ಪರದೆಯಲ್ಲಿ ಅದರ ಸುಳಿವೇ ಇರಲಿಲ್ಲ. ಮಗಳ ವಯಸ್ಸು ಎಂಟು ಅಂತ ಅದೇ ಆ್ಯಪ್‌ಗೆ ಎರಡು ನಿಮಿಷದ ಹಿಂದೆ ನಾನೇ ಬರೆದುಕೊಟ್ಟಿದ್ದೆ. ಆದರೂ ಅವಳ ಹೆಸರಿನ ಮುಂದೆ ಬಣ್ಣಬಣ್ಣದ ಸೀಟುಗಳೂ ಬೆಲೆಗಳೂ ಬಂದವು. ಗೊತ್ತಿದ್ದರೆ ಮಗಳದ್ದು ಮತ್ತು ಅವಳ ತಾಯಿಯದ್ದು ಸೇರಿ 1,000 ರೂಪಾಯಿ ಉಳಿಯುತ್ತಿತ್ತು.

ಒಬ್ಬನೇ ಹೋದಾಗ ವೆಬ್ ಚೆಕ್-ಇನ್‌ನಲ್ಲೂ ಹೀಗೇ. ಹೆಚ್ಚುಕಡಿಮೆ ಎಲ್ಲ ಸೀಟಿಗೂ ಬೆಲೆ. "ಸೀಟು ಆರಿಸದೆ ಮುಂದೆ ಹೋಗು" ಅನ್ನುವುದು ಮೂಲೆಯಲ್ಲಿ, ಬೂದುಬಣ್ಣದಲ್ಲಿ. ಅದನ್ನು ಒತ್ತಿದರೆ 27ನೇ ಸಾಲಿನ ಮಧ್ಯದ ಸೀಟು ಪುಕ್ಕಟೆ ಸಿಕ್ಕಿತು. ಎಷ್ಟೋ ಜನ ಅದನ್ನು ನೋಡದೆ, ಸೀಟು ಕೊಳ್ಳದಿದ್ದರೆ ಚೆಕ್-ಇನ್ ಆಗುವುದೇ ಇಲ್ಲ ಅಂದುಕೊಂಡು ದುಡ್ಡು ಕಟ್ಟುತ್ತಾರೆ. ನಮ್ಮ ಆಫೀಸಿನಲ್ಲೇ ಇಬ್ಬರು ಹಾಗೆ ಕಟ್ಟಿದ್ದಾರೆ.

ವೆಬ್ ಚೆಕ್-ಇನ್ ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಕಾರಣ ಕೋವಿಡ್. 2020ರ ಮೇ 25ರಂದು ವಿಮಾನಗಳು ಮತ್ತೆ ಶುರುವಾದಾಗ, ಜನ ಜನರನ್ನು ಮುಟ್ಟಬಾರದು ಅಂತ ಸರ್ಕಾರ ಅದನ್ನು ಕಡ್ಡಾಯ ಮಾಡಿತು. ರೋಗದ ಭಯಕ್ಕೆ ಬಂದ ನಿಯಮ ಕೆಲವು ಕಂಪನಿಗಳಿಗೆ ಆದಾಯದ ದಾರಿಯಾಯಿತು. ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೇಳಿದರೆ ಮೊದಲು 100, ಆಮೇಲೆ 200 ರೂಪಾಯಿ. ಕೊನೆಗೆ 2022ರ ಜುಲೈನಲ್ಲಿ ವಿಮಾನಯಾನ ಸಚಿವಾಲಯ ಇದನ್ನು ನಿಲ್ಲಿಸಿತು. 1937ರ ವಿಮಾನ ನಿಯಮಗಳ 135ನೇ ನಿಯಮದ ಪ್ರಕಾರ ಟಿಕೆಟ್ ದರದ ಆಚೆಗೆ ಬೋರ್ಡಿಂಗ್ ಪಾಸ್‌ಗೆ ಬೇರೆ ದುಡ್ಡು ಕೇಳುವಂತಿಲ್ಲ ಎಂದಿತು. ಈ ಆದೇಶದ ಮಹತ್ವ ಏನು ಅಂತ ಗೊತ್ತಾಗಬೇಕಾದರೆ ಯುರೋಪಿನ ಕಡೆ ನೋಡಬೇಕು. ಅಲ್ಲಿ ರಯಾನ್‌ಏರ್‌ನಂಥ ಕಂಪನಿಯಲ್ಲಿ ಮೊದಲೇ ಆನ್‌ಲೈನ್ ಚೆಕ್-ಇನ್ ಮಾಡದೆ ವಿಮಾನ ನಿಲ್ದಾಣಕ್ಕೆ ಬಂದರೆ ತಲೆಗೆ 55 ಯೂರೋ. ಎಷ್ಟೋ ಸಲ ಅದು ಟಿಕೆಟ್‌ಗಿಂತ ಜಾಸ್ತಿ. ಆ ಕಷ್ಟ ನಮಗೆ ಬರಲಿಲ್ಲ. ಆದರೆ ಈ ವಿಷಯ ನಮ್ಮ ಜನಕ್ಕೆ ಗೊತ್ತಿಲ್ಲ. ಸ್ಮಾರ್ಟ್‌ಫೋನ್ ಇಲ್ಲದ ನಮ್ಮ ಚಿಕ್ಕಪ್ಪ ಈಗಲೂ ಬೋರ್ಡಿಂಗ್ ಪಾಸ್ ತೆಗೆಸಲು ಸೈಬರ್ ಸೆಂಟರ್‌ಗೆ ಹೋಗಿ 30 ರೂಪಾಯಿ ಕೊಡುತ್ತಾರೆ, "ಏರ್‌ಪೋರ್ಟಲ್ಲಿ ದಂಡ ಹಾಕ್ತಾರಂತೆ" ಅಂತ.

ಅದೇ ಯುರೋಪಿನಿಂದ ಕಲಿಯಬೇಕಾದದ್ದೂ ಇದೆ. ಅಲ್ಲಿ 2008ರಿಂದಲೇ ನಿಯಮ ಇದೆ. ತಪ್ಪಿಸಿಕೊಳ್ಳಲಾಗದ ಎಲ್ಲ ಶುಲ್ಕ ಸೇರಿದ ಕೊನೆಯ ಬೆಲೆಯನ್ನೇ ಯಾವಾಗಲೂ ತೋರಿಸಬೇಕು. ಬೇಕಾದರೆ ಕೊಳ್ಳುವ ಸೇವೆಗಳ ಬೆಲೆಯನ್ನು ಬುಕಿಂಗ್‌ನ ಶುರುವಿನಲ್ಲೇ ಹೇಳಬೇಕು. 2014ರಲ್ಲಿ ಅಲ್ಲಿನ ನ್ಯಾಯಾಲಯ, ಚೆಕ್-ಇನ್ ಬ್ಯಾಗಿಗೆ ದುಡ್ಡು ಕೇಳಬಹುದು, ಆದರೆ ಸರಿಯಾದ ಅಳತೆಯ ಕೈಚೀಲಕ್ಕೆ ಕೇಳುವಂತಿಲ್ಲ ಎಂದಿತು. 2024ರ ನವೆಂಬರ್‌ನಲ್ಲಿ ಸ್ಪೇನ್ ಸರ್ಕಾರ ಕೈಚೀಲ, ಸೀಟು ಮುಂತಾದವುಗಳ ಶುಲ್ಕದ ವಿಷಯದಲ್ಲಿ ಐದು ಕಂಪನಿಗಳಿಗೆ ಒಟ್ಟು 179 ಮಿಲಿಯನ್ ಯೂರೋ ದಂಡ ಹಾಕಿತು. ನಮ್ಮಲ್ಲೂ ಕಾನೂನಿಗೆ ಕೊರತೆ ಇಲ್ಲ. ಆ್ಯಪ್, ವೆಬ್‌ಸೈಟ್‌ಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. ಅದರ ವಿರುದ್ಧ 2023ರಲ್ಲಿ ಬಂದ ಮಾರ್ಗಸೂಚಿಯಲ್ಲಿ, ಬೆಲೆಯನ್ನು ಹನಿ ಹನಿಯಾಗಿ ಬಿಚ್ಚುವ ಡ್ರಿಪ್ ಪ್ರೈಸಿಂಗ್ ತಪ್ಪು ಎಂದಿದೆ. ಹೆದರಿಸಿ, ನಾಚಿಸಿ ಒಪ್ಪಿಸುವ ಇನ್ನೊಂದು ತಂತ್ರಕ್ಕೆ ಅದೇ ಮಾರ್ಗಸೂಚಿ ಕೊಟ್ಟ ಉದಾಹರಣೆ ವಿಮಾನ ಟಿಕೆಟ್ಟಿನದ್ದೇ: ವಿಮೆ ಬೇಡ ಅಂದವನ ಕೈಯಲ್ಲಿ "ನಾನು ಅಸುರಕ್ಷಿತನಾಗಿಯೇ ಇರುತ್ತೇನೆ" ಅಂತ ಒತ್ತಿಸುವುದು. ಆ ಸಾಲು ಬರೆದವರು ನಿಜವಾಗಿ ಟಿಕೆಟ್ ಕೊಂಡವರೇ ಇರಬೇಕು.

ದರ ಎಷ್ಟಿರಬೇಕು ಅಂತ ನಿಗದಿ ಮಾಡುವುದು ತಮ್ಮ ಕೆಲಸವಲ್ಲ, ಅದು ನನಗೆ ಗೊತ್ತು. ನಾನು ಕೇಳುವುದು ಬೆಲೆ ಇಳಿಸುವುದನ್ನಲ್ಲ, ಬೆಲೆ ತೋರಿಸುವುದನ್ನು.

ಟಿಕೆಟ್ ಹುಡುಕಿದಾಗ ಮೊದಲ ಪರದೆಯಲ್ಲೇ ಎರಡು ಬೆಲೆ ಇರಲಿ. ಒಂದು ಕೈಚೀಲ ಮಾತ್ರದ ದರ, ಇನ್ನೊಂದು 15 ಕೆಜಿ ಬ್ಯಾಗ್ ಸೇರಿದ ದರ. ಎರಡರಲ್ಲೂ ಕನ್ವೀನಿಯನ್ಸ್ ಫೀ ಸೇರಿರಲಿ. ಪಟ್ಟಿಯನ್ನು ಯಾವ ಬೆಲೆಯ ಮೇಲೆ ಜೋಡಿಸಬೇಕು ಅಂತ ಆರಿಸುವ ಅವಕಾಶ ನಮಗೆ ಇರಲಿ. ಇದು ಕಂಪನಿಗಳ ಆ್ಯಪ್‌ಗೂ, ಎಲ್ಲ ಕಂಪನಿಗಳ ಟಿಕೆಟ್ ಮಾರುವ ಪೋರ್ಟಲ್‌ಗಳಿಗೂ ಅನ್ವಯವಾಗಬೇಕು. ಇದೊಂದು ಆದರೆ ನನ್ನ ಪತ್ರದ ಮುಕ್ಕಾಲು ಭಾಗ ಬೇಕಾಗುವುದಿಲ್ಲ. ಕನ್ವೀನಿಯನ್ಸ್ ಫೀ ಇರಲೇಬೇಕು ಅಂತಾದರೆ ಒಂದು ಬುಕಿಂಗ್‌ಗೆ ಒಂದೇ ಸಲ ಇರಲಿ. ಟಿಕೆಟ್‌ನ ಮೊದಲ ಪುಟದಲ್ಲಿ, ಹೆಸರಿನ ಕೆಳಗೆ, "ಕೌಂಟರ್‌ನಲ್ಲಿ ಹೆಚ್ಚುವರಿ ತೂಕ ಕೆಜಿಗೆ ಇಷ್ಟು ರೂಪಾಯಿ" ಅಂತ ಅಂಕಿಯಲ್ಲಿ ಮುದ್ರಿಸಲಿ. ತಮ್ಮ 2021ರ ಷರತ್ತು ಎಷ್ಟು ಟಿಕೆಟ್‌ಗಳಲ್ಲಿ ಪಾಲನೆಯಾಗುತ್ತಿದೆ ಅಂತ ತಾವೇ ಒಮ್ಮೆ ಹತ್ತು ಟಿಕೆಟ್ ಕೊಂಡು ನೋಡಿದರೆ ಸಾಕು, ದೊಡ್ಡ ತನಿಖೆ ಬೇಡ. ಬುಕಿಂಗ್‌ನಲ್ಲಿ 12 ವರ್ಷದೊಳಗಿನ ಮಗು ಇದ್ದರೆ, ಸೀಟಿನ ನಕ್ಷೆ ತೆರೆಯುವ ಮೊದಲೇ "ಮಗುವಿನ ಜೊತೆ ಒಬ್ಬರಿಗೆ ಪಕ್ಕದ ಸೀಟು ಪುಕ್ಕಟೆ ಸಿಗುತ್ತದೆ" ಅನ್ನುವ ಸಾಲು ಬರಲಿ. ಬೋರ್ಡಿಂಗ್ ಪಾಸ್‌ಗೆ ದುಡ್ಡು ಇಲ್ಲ ಅನ್ನುವ ಫಲಕ ಪ್ರತಿ ಚೆಕ್-ಇನ್ ಕೌಂಟರ್ ಮೇಲೆ ಇರಲಿ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಅದು ಕನ್ನಡದಲ್ಲಿ ಇರಲಿ, ಚಿಕ್ಕಪ್ಪನಂಥವರು ಓದಬೇಕಲ್ಲ.

ಇದೇ ದೂರನ್ನು ವಿಮಾನ ಪ್ರಯಾಣಿಕರ ದೂರಿಗೆ ಸರ್ಕಾರ ಮಾಡಿರುವ ಏರ್‌ಸೇವಾ ಪೋರ್ಟಲ್‌ನಲ್ಲೂ ದಾಖಲಿಸಿದ್ದೇನೆ. ಹೆಸರುಗಳಿರುವ ಟಿಕೆಟ್, ತೂಕದ ರಸೀದಿ, ಹಣ ಕಟ್ಟಿದ ಪರದೆಯ ಚಿತ್ರ ಎಲ್ಲ ನನ್ನ ಹತ್ತಿರ ಇವೆ, ಕೇಳಿದರೆ ಕಳಿಸುತ್ತೇನೆ. ಬರುವ ಏಪ್ರಿಲ್‌ನಲ್ಲಿ ಅಕ್ಕನ ಮನೆಯಲ್ಲಿ ಮತ್ತೆ ಒಂದು ಕಾರ್ಯಕ್ರಮ ಇದೆ. ಆಗ ಅಮ್ಮನ ಜೊತೆ ಟಿಕೆಟ್ ಹುಡುಕಲು ಕೂರುತ್ತೇನೆ. ಅಷ್ಟರೊಳಗೆ ಕನಿಷ್ಠ ಟಿಕೆಟ್ ಮೇಲಿನ ಆ ಒಂದು ಅಂಕಿಯಾದರೂ ಬರುತ್ತದೆಯೇ ಅಂತ ನೋಡುತ್ತೇನೆ.

ವಿಶ್ವಾಸದಿಂದ,
ಬೆಂಗಳೂರಿನ ಒಬ್ಬ ಪ್ರಯಾಣಿಕ

ಪ್ರತಿ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ